ವಿಮಾನದಲ್ಲಿ ವೈರ್‌ಲೆಸ್ ಇಯರ್‌ಬಡ್: ಏರೋಪ್ಲೇನ್ ಮೋಡ್ ಹಾಕಿದ ಮೇಲೆ ಬ್ಲೂಟೂತ್ ಮತ್ತೆ ಆನ್ ಮಾಡುವ ಸರಿಯಾದ ಕ್ರಮ

ಬಾಗಿಲು ಮುಚ್ಚಿತು, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಎಂದು ಘೋಷಣೆ ಬಂತು, ವಿಮಾನದ ಗುರುತು ಒತ್ತಿದಿರಿ, ಕಿವಿಯಲ್ಲಿದ್ದ ಹಾಡು ಠಪ್ಪನೆ ನಿಂತಿತು. ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲೇ. ಕೆಲವರು ಹಾಡು ಬರಲಿ ಎಂದು ಏರೋಪ್ಲೇನ್ ಮೋಡನ್ನೇ ತೆಗೆದುಬಿಡುತ್ತಾರೆ. ಕೆಲವರು ಇಯರ್‌ಬಡ್ ಕೆಟ್ಟಿತೆಂದು ರೀಸೆಟ್ ಮಾಡಲು ಹೋಗಿ ಇದ್ದ ಜೋಡಣೆಯನ್ನೂ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ವಿಮಾನದಲ್ಲಿ ಬ್ಲೂಟೂತ್ ನಿಷೇಧವೆಂದೇ ತಿಳಿದು ಸುಮ್ಮನೆ ಕೂರುತ್ತಾರೆ.

ಮೂರೂ ಬೇಕಿಲ್ಲ. ಏರೋಪ್ಲೇನ್ ಮೋಡ್ ಮತ್ತು ಬ್ಲೂಟೂತ್ ಎರಡು ಬೇರೆ ಬೇರೆ ಸ್ವಿಚ್‌ಗಳು. ಮೊದಲನೆಯದನ್ನು ಹಾಗೇ ಬಿಟ್ಟು ಎರಡನೆಯದನ್ನು ಆನ್ ಮಾಡಬಹುದು. ಬೆಂಗಳೂರಿನಿಂದ ದೆಹಲಿಗೆ ಜನವರಿಯ ಒಂದು ಬೆಳಗಿನ ವಿಮಾನವನ್ನೇ ಉದಾಹರಣೆಗೆ ಇಟ್ಟುಕೊಂಡು ಕ್ರಮವಾಗಿ ನೋಡೋಣ. ಸುಮಾರು ಎರಡೂ ಮುಕ್ಕಾಲು ಗಂಟೆಯ ಪಯಣ, ಇಳಿಯುವ ಕಡೆ ಮಂಜು. ಬರಬಹುದಾದ ತೊಡಕುಗಳೆಲ್ಲ ಈ ಒಂದೇ ಪ್ರಯಾಣದಲ್ಲಿ ಸಿಗುತ್ತವೆ.

## ಬೇಕಾಗುವ ಸಾಮಾನು

ಚಾರ್ಜ್ ಆದ ಇಯರ್‌ಬಡ್, ಅದರ ಕೇಸ್, ಫೋನ್. ಸೀಟಿನ ಹಿಂಬದಿಯ ಪರದೆಯಲ್ಲಿ ಸಿನಿಮಾ ನೋಡುವ ಆಸೆಯಿದ್ದರೆ, ಆ ಪರದೆಯ ಸದ್ದನ್ನು ಬಡ್‌ಗೆ ಕಳಿಸುವ ಒಂದು ಬ್ಲೂಟೂತ್ ಟ್ರಾನ್ಸ್‌ಮಿಟರ್ ಅಥವಾ 3.5 ಮಿ.ಮೀ. ಪಿನ್ ಇರುವ ಹಳೆಯ ವೈರಿನ ಇಯರ್‌ಫೋನ್. ನನ್ನನ್ನು ಕೇಳಿದರೆ, ಟ್ರಾನ್ಸ್‌ಮಿಟರ್ ಇದ್ದರೂ ಆ ವೈರಿನದನ್ನು ಬ್ಯಾಗಿನ ಮೂಲೆಯಲ್ಲಿ ಹಾಕಿಟ್ಟುಕೊಳ್ಳಿ. ಅದಕ್ಕೆ ಚಾರ್ಜೂ ಬೇಡ, ಯಾರ ಅನುಮತಿಯೂ ಬೇಡ.

ಇಯರ್‌ಬಡ್ ಮತ್ತು ಕೇಸ್ ಎರಡರಲ್ಲೂ ಲಿಥಿಯಂ ಬ್ಯಾಟರಿ ಇದೆ. ಚೆಕ್-ಇನ್ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪವರ್‌ಬ್ಯಾಂಕ್ ಅಂತೂ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅದನ್ನು ವಿಮಾನದೊಳಗೆ ಬಳಸುವುದಕ್ಕೂ ಈಗ ಹಲವು ವಿಮಾನ ಕಂಪನಿಗಳ ತಡೆಯಿದೆ. ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ಇಂಥ ನಿಯಮ ತಂದಿದೆ. ಹಾಗಾಗಿ ಕೇಸಿನ ಚಾರ್ಜ್ ಕಡಿಮೆಯಾದರೆ ಪವರ್‌ಬ್ಯಾಂಕಿನಿಂದ ತುಂಬಿಸಿಕೊಂಡರಾಯಿತು ಎಂಬ ಲೆಕ್ಕ ಬೇಡ.

## ಹಂತ 1: ಮನೆಯಲ್ಲೇ ಮುಗಿಸಬೇಕಾದ್ದು

ಹಿಂದಿನ ರಾತ್ರಿ ಬಡ್‌ಗಳನ್ನು ಕೇಸಿನಲ್ಲಿಟ್ಟು ಕೇಸನ್ನೂ ಪೂರ್ತಿ ಚಾರ್ಜ್ ಮಾಡಿ. ಸದ್ದು ತಗ್ಗಿಸುವ ಎಎನ್‌ಸಿ ಆನ್ ಇದ್ದಾಗ ಹಲವು ಬಡ್‌ಗಳು ನಾಲ್ಕರಿಂದ ಆರು ಗಂಟೆ ಓಡುತ್ತವೆ. ದೆಹಲಿಗೆ ಅಷ್ಟು ಸಾಕು. ದುಬೈ ದಾಟಿ ಮುಂದೆ ಹೋಗುವವರು ನಡುವೆ ಒಮ್ಮೆ ಕೇಸಿಗೆ ಹಾಕಿ ತೆಗೆಯುವ ಯೋಜನೆ ಇಟ್ಟುಕೊಳ್ಳಬೇಕು. ಊಟದ ಹೊತ್ತು ಅದಕ್ಕೆ ಸರಿಯಾದ ಸಮಯ.

ಹಾಡು, ಸಿನಿಮಾಗಳನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಮನೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ, ಒಂದೊಂದನ್ನು ಅರ್ಧ ನಿಮಿಷ ಓಡಿಸಿ ನೋಡಿ. ಈ ಪರೀಕ್ಷೆ ಬಿಟ್ಟವರೇ ಆಕಾಶದಲ್ಲಿ ಬ್ಲೂಟೂತ್ ಕೈಕೊಟ್ಟಿತೆಂದು ಬೈಯುತ್ತಾರೆ. ಬ್ಲೂಟೂತ್ ಸರಿಯಾಗಿಯೇ ಇರುತ್ತದೆ, ಓಡಿಸಲು ಹಾಡೇ ಫೋನಿನಲ್ಲಿ ಇರುವುದಿಲ್ಲ. ಡೌನ್‌ಲೋಡ್ ಮಾಡಿದ್ದನ್ನೂ ಕೆಲವು ಆ್ಯಪ್‌ಗಳು ಬಹಳ ದಿನ ಇಂಟರ್‌ನೆಟ್ ಸಿಗದಿದ್ದರೆ ಬೀಗ ಹಾಕಿಬಿಡುತ್ತವೆ. ಆದ್ದರಿಂದ ಹೊರಡುವ ಮುನ್ನ ಒಮ್ಮೆ ಇಂಟರ್‌ನೆಟ್ ಇರುವಾಗ ಆ್ಯಪ್ ತೆರೆದು ಮುಚ್ಚಿ.

ಹೊಸ ಬಡ್ ಕೊಂಡಿದ್ದರೆ ಮೊದಲ ಜೋಡಣೆಯೂ ಮನೆಯಲ್ಲೇ ಆಗಲಿ. ವಿಮಾನದಲ್ಲಿ ಸುತ್ತಲೂ ಒಂದೇ ಕಂಪನಿಯ ಹತ್ತಾರು ಬಡ್‌ಗಳು ಇರುತ್ತವೆ, ಪಟ್ಟಿಯಲ್ಲಿ ನಿಮ್ಮದು ಯಾವುದೆಂದು ಹುಡುಕುವುದು ಕಷ್ಟ. Settings ಒಳಗಿನ Bluetooth ಪಟ್ಟಿಯಲ್ಲಿ ನಿಮ್ಮ ಬಡ್‌ಗೆ ಬೇರೆ ಹೆಸರು ಕೊಟ್ಟಿಟ್ಟರೆ ಇನ್ನೂ ಒಳ್ಳೆಯದು.

## ಹಂತ 2: ಬಾಗಿಲು ಮುಚ್ಚುವ ಮೊದಲು ಬಡ್ ಜೋಡಿಸಿ

ಸೀಟಿನಲ್ಲಿ ಕೂತು, ಬ್ಯಾಗ್ ಮೇಲಿಟ್ಟು, ಬೆಲ್ಟ್ ಹಾಕಿದ ಕೂಡಲೇ ಬಡ್‌ಗಳನ್ನು ಕಿವಿಗಿಟ್ಟು ಫೋನಿಗೆ ಜೋಡಿಸಿ. ಏರೋಪ್ಲೇನ್ ಮೋಡ್ ಇನ್ನೂ ಹಾಕಿರಬಾರದು. ಈ ಕ್ರಮಕ್ಕೆ ಕಾರಣವಿದೆ: ಆಂಡ್ರಾಯ್ಡ್ 11ರಿಂದೀಚೆಗೆ, ಬ್ಲೂಟೂತ್ ಇಯರ್‌ಫೋನ್ ಆಗಲೇ ಜೋಡಿಯಾಗಿದ್ದರೆ ಏರೋಪ್ಲೇನ್ ಮೋಡ್ ಒತ್ತಿದಾಗಲೂ ಫೋನ್ ಆ ಬ್ಲೂಟೂತನ್ನು ಕಡಿಯುವುದಿಲ್ಲ. ಬಡ್ ಕೇಸಿನಲ್ಲೇ ಇದ್ದಾಗ ಒತ್ತಿದರೆ ಬ್ಲೂಟೂತ್ ಆಫ್ ಆಗಬಹುದು. ಒಂದೇ ಫೋನಿನಲ್ಲಿ ಒಂದು ದಿನ ಹಾಡು ನಿಂತು ಇನ್ನೊಂದು ದಿನ ನಿಲ್ಲದಿರುವುದರ ಗುಟ್ಟು ಇಷ್ಟೇ.

ಇಲ್ಲಿ ಆಗುವ ದೊಡ್ಡ ತಪ್ಪು ಲ್ಯಾಪ್‌ಟಾಪಿನದು. ಬಡ್‌ಗಳು ಕೊನೆಯ ಬಾರಿ ಲ್ಯಾಪ್‌ಟಾಪಿಗೆ ಜೋಡಿಯಾಗಿದ್ದರೆ, ತಲೆಯ ಮೇಲಿನ ಲಗೇಜ್ ಗೂಡಿನಲ್ಲಿ ಪೂರ್ತಿ ಆಫ್ ಆಗದೆ ಮಲಗಿರುವ ಆ ಲ್ಯಾಪ್‌ಟಾಪಿನ ಕಡೆಗೇ ಅವು ಓಡಿಹೋಗಬಹುದು. ಬ್ಯಾಗ್ ಮೇಲಿಡುವ ಮುನ್ನ ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡಿ. ಮುಚ್ಚಳ ಮುಚ್ಚಿದ ಮಾತ್ರಕ್ಕೆ ಅದು ಆಫ್ ಆಗುವುದಿಲ್ಲ.

## ಹಂತ 3: ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮತ್ತೆ ಆನ್ ಮಾಡಿ

ಘೋಷಣೆ ಬಂದಾಗ ಮೊದಲು ಏರೋಪ್ಲೇನ್ ಮೋಡ್ ಒತ್ತಿ. ಫೋನಿನ ಭಾಷೆ, ಕಂಪನಿಗೆ ತಕ್ಕಂತೆ ಇದರ ಹೆಸರು Airplane mode, Aeroplane mode ಅಥವಾ Flight mode ಎಂದಿರುತ್ತದೆ, ಮೂರೂ ಒಂದೇ. ಪರದೆಯ ಮೇಲ್ತುದಿಯಲ್ಲಿ ವಿಮಾನದ ಚಿಕ್ಕ ಗುರುತು ಬಂದು ಸಿಗ್ನಲ್ ಕಡ್ಡಿಗಳು ಮಾಯವಾಗಬೇಕು.

ಆಂಡ್ರಾಯ್ಡ್ ಫೋನಿನಲ್ಲಿ: ಮೇಲಿಂದ ಎರಡು ಸಲ ಕೆಳಗೆ ಎಳೆದು ಪೂರ್ತಿ ಫಲಕ ತೆರೆಯಿರಿ. Bluetooth ಗುಂಡಿ ಮಂಕಾಗಿದ್ದರೆ ಒಮ್ಮೆ ಒತ್ತಿ, ಬಣ್ಣ ಬರಲಿ. ಹತ್ತು ಸೆಕೆಂಡ್ ಕಾಯಿರಿ. ಬಡ್‌ಗಳು ತಾವಾಗಿ ಸೇರಿಕೊಳ್ಳದಿದ್ದರೆ ಅದೇ ಗುಂಡಿಯನ್ನು ಒತ್ತಿ ಹಿಡಿದು ಪಟ್ಟಿ ತೆರೆದು ನಿಮ್ಮ ಬಡ್‌ನ ಹೆಸರನ್ನು ಮುಟ್ಟಿ. ಏರೋಪ್ಲೇನ್ ಮೋಡ್‌ನಲ್ಲಿ ಹೀಗೆ ಒಮ್ಮೆ ಆನ್ ಮಾಡಿದ್ದನ್ನು ಇತ್ತೀಚಿನ ಫೋನ್‌ಗಳಲ್ಲಿ ಹಲವು ನೆನಪಿಟ್ಟುಕೊಂಡು, ಮುಂದಿನ ಸಲ ತಾವೇ ಆನ್ ಬಿಡುತ್ತವೆ.

ಐಫೋನಿನಲ್ಲಿ: ಈಗಿನ ಐಫೋನ್‌ಗಳು ಏರೋಪ್ಲೇನ್ ಮೋಡ್ ಹಾಕಿದರೂ ಬ್ಲೂಟೂತನ್ನು ಆನ್ ಇಟ್ಟುಕೊಳ್ಳುತ್ತವೆ. ಆದರೆ ಆ ಮೋಡ್‌ನಲ್ಲಿ ಇದ್ದಾಗ ಹಿಂದೆ ಎಂದಾದರೂ ನೀವು ಬ್ಲೂಟೂತ್ ಆಫ್ ಮಾಡಿದ್ದರೆ, ಅದನ್ನು ನೆನಪಿಟ್ಟು ಈ ಸಲವೂ ಆಫ್ ಮಾಡುತ್ತವೆ. ಆಗ ಕಂಟ್ರೋಲ್ ಸೆಂಟರ್ ತೆರೆದು ಬ್ಲೂಟೂತ್ ಗುರುತನ್ನು ನೋಡಿ. ನೀಲಿ ಇದ್ದರೆ ಆನ್. ಬಿಳಿ ಇದ್ದರೆ ಬ್ಲೂಟೂತ್ ಜೀವಂತವಾಗಿದೆ, ಆದರೆ ಬಡ್‌ಗಳಂಥ ಉಪಕರಣಗಳ ಸಂಪರ್ಕವನ್ನು ಕಡಿದಿಟ್ಟಿದೆ. ಅಡ್ಡಗೆರೆ ಬಿದ್ದಿದ್ದರೆ ಪೂರ್ತಿ ಆಫ್. ಬಿಳಿಯೋ ಅಡ್ಡಗೆರೆಯೋ, ಒಮ್ಮೆ ಒತ್ತಿ ನೀಲಿಗೆ ತನ್ನಿ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ: ಪರದೆಯ ಮೇಲ್ತುದಿಯನ್ನು ಇನ್ನೊಮ್ಮೆ ನೋಡಿ. ವಿಮಾನದ ಗುರುತು ಇನ್ನೂ ಇದೆಯೇ? ಎರಡು ಗುಂಡಿಗಳೂ ಅಕ್ಕಪಕ್ಕ ಇರುವುದರಿಂದ ಅವಸರದಲ್ಲಿ ಬೆರಳು ತಪ್ಪುತ್ತದೆ. ಸಿಗ್ನಲ್ ಕಡ್ಡಿ ಮರಳಿ ಬಂದಿದ್ದರೆ, ಅಥವಾ ಟೇಕಾಫ್ ಆಗುತ್ತಿರುವಾಗ ಒಂದು ಮೆಸೇಜ್ ಟಣ್ ಎಂದರೆ, ನೀವು ತಪ್ಪು ಗುಂಡಿ ಒತ್ತಿದ್ದೀರಿ.

ಬ್ಲೂಟೂತಿಗೆ ಒಪ್ಪಿ ಮೊಬೈಲ್ ಸಿಗ್ನಲನ್ನು ಏಕೆ ಬೇಡವೆನ್ನುತ್ತಾರೆ ಎಂಬುದು ಶಕ್ತಿಯ ಲೆಕ್ಕ. 4ಜಿ ಫೋನ್ ದೂರದ ಟವರನ್ನು ಮುಟ್ಟಲು ಸುಮಾರು 200 ಮಿಲಿವ್ಯಾಟ್‌ವರೆಗೆ ಏರುತ್ತದೆ, ಟವರ್ ಸಿಗದಷ್ಟೂ ಹೆಚ್ಚು ಕೂಗುತ್ತದೆ. ಕಿವಿಗೂ ಜೇಬಿಗೂ ನಡುವಿನ ಬ್ಲೂಟೂತಿಗೆ ಕೆಲವೇ ಮಿಲಿವ್ಯಾಟ್ ಸಾಕು.

ಸ್ಮಾರ್ಟ್‌ವಾಚಿನಲ್ಲಿ ಸಿಮ್ ಅಥವಾ ಇ-ಸಿಮ್ ಇದ್ದರೆ ಅದಕ್ಕೂ ಬೇರೆಯಾಗಿಯೇ ಏರೋಪ್ಲೇನ್ ಮೋಡ್ ಹಾಕಬೇಕು. ಫೋನಿಗೆ ಹಾಕಿದರೆ ವಾಚಿಗೂ ತಾನಾಗಿ ಹೋಗುತ್ತದೆ ಎಂದು ನಂಬಿ ಕೂರಬೇಡಿ, ಮಣಿಕಟ್ಟು ತಿರುಗಿಸಿ ನೋಡಿ.

## ಹಂತ 4: ಟೇಕಾಫ್ ಹೊತ್ತಿನಲ್ಲಿ ಕಂಪನಿಗಳು ಏನು ಬಯಸುತ್ತವೆ

ಭಾರತದಲ್ಲಿ ಫ್ಲೈಟ್ ಮೋಡ್‌ನಲ್ಲಿರುವ ಫೋನ್, ಟ್ಯಾಬ್‌ನಂಥವನ್ನು ಪ್ರಯಾಣದ ಎಲ್ಲ ಹಂತಗಳಲ್ಲೂ ಬಳಸಲು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2014ರಲ್ಲಿ ದಾರಿ ಮಾಡಿತು. ಅಮೆರಿಕದ ಎಫ್‌ಎಎ ಅದಕ್ಕೂ ಮೊದಲು, 2013ರ ಅಕ್ಟೋಬರಿನಲ್ಲಿ ಇದೇ ಬಗೆಯ ತೀರ್ಮಾನ ಹೇಳುವಾಗ ಹತ್ತಿರದ ಬ್ಲೂಟೂತ್ ಉಪಕರಣಗಳನ್ನು ಬಳಸಬಹುದು ಎಂದೂ ಸೇರಿಸಿತ್ತು. ಆದರೆ ನಿಯಂತ್ರಕರ ಒಪ್ಪಿಗೆ ಎಂದರೆ ಕಂಪನಿಯ ಕೈ ಕಟ್ಟಿದಂತೆ ಅಲ್ಲ. ತನ್ನ ವಿಮಾನಕ್ಕೆ ಇನ್ನೂ ಬಿಗಿಯಾದ ನಿಯಮ ಇಡಲು ಕಂಪನಿಗೆ ಹಕ್ಕಿದೆ. ಕ್ಯಾಪ್ಟನ್ ಎಲ್ಲವನ್ನೂ ಆಫ್ ಮಾಡಿ ಎಂದರೆ ಅದೇ ಕೊನೆಯ ಮಾತು.

ನಡೆಯುವ ರೂಢಿ ಹೀಗಿದೆ. ಕೈಯಲ್ಲಿ ಹಿಡಿಯಬಹುದಾದ ಫೋನ್ ನಿಮ್ಮ ಬಳಿ ಇರಬಹುದು. ಲ್ಯಾಪ್‌ಟಾಪಿನಂಥ ದೊಡ್ಡದು ಬ್ಯಾಗಿಗೆ ಹೋಗಬೇಕು, ಏಕೆಂದರೆ ಜೋರಾಗಿ ಬ್ರೇಕ್ ಬಿದ್ದರೆ ಅದು ಹಾರಿ ಯಾರದಾದರೂ ತಲೆಗೆ ಬಡಿಯಬಹುದು. ಚಾರ್ಜಿಂಗ್ ವೈರ್ ಕಿತ್ತಿಡಿ ಎಂದೂ ಹಲವೆಡೆ ಹೇಳುತ್ತಾರೆ, ಎದ್ದು ಓಡಬೇಕಾದಾಗ ಕಾಲಿಗೆ ಸಿಕ್ಕುವುದು ಅದೇ. ವೈರಿಲ್ಲದ ಸಣ್ಣ ಬಡ್‌ಗಳಿಗೆ ಈ ತಕರಾರಿಲ್ಲ. ಹಲವು ಕಂಪನಿಗಳು ಅವನ್ನು ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೂ ಬಿಡುತ್ತವೆ. ಕೆಲವು ಮಾತ್ರ ವಿಮಾನ ನೆಲದ ಮೇಲೆ ಸಾಗುವಾಗ, ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಬ್ಲೂಟೂತ್ ಬೇಡ ಎನ್ನುತ್ತವೆ. ಯಾವುದು ಹೇಗೆಂದು ತಿಳಿಯಲು ಹೊರಡುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಪುಟ ನೋಡಿ. ಸೀಟಿನ ಜೇಬಿನಲ್ಲಿರುವ ಸುರಕ್ಷತಾ ಕಾರ್ಡಿನಲ್ಲಿ ಹೆಡ್‌ಫೋನಿನ ಚಿತ್ರದ ಮೇಲೆ ಅಡ್ಡಗೆರೆ ಇದೆಯೇ ಎಂದೂ ನೋಡಬಹುದು.

ಸುರಕ್ಷತಾ ಪ್ರಾತ್ಯಕ್ಷಿಕೆ ನಡೆಯುವಾಗ ಎರಡೂ ಬಡ್ ತೆಗೆಯಿರಿ. ಹೊರಗಿನ ಸದ್ದು ಕೇಳಿಸುವ ಟ್ರಾನ್ಸ್‌ಪರೆನ್ಸಿ ಮೋಡ್ ಆನ್ ಇದೆ ಎಂಬುದು ನಿಮಗೆ ಗೊತ್ತು, ಎದುರು ನಿಂತ ಗಗನಸಖಿಗೆ ಗೊತ್ತಿಲ್ಲ. ಆಕೆಗೆ ಕಾಣುವುದು ಕಿವಿ ಮುಚ್ಚಿಕೊಂಡ ಪ್ರಯಾಣಿಕ. ತುರ್ತು ಬಾಗಿಲ ಸಾಲಿನಲ್ಲಿ ಕೂತವರಿಗಂತೂ ಸಿಬ್ಬಂದಿ ಬಂದು ಬಾಗಿಲು ತೆರೆಯುವುದನ್ನು ವಿವರಿಸಿ, ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಿಸಿಕೊಳ್ಳುತ್ತಾರೆ. ಅಲ್ಲಿ ಬಡ್ ಹಾಕಿಕೊಂಡು ತಲೆಯಾಡಿಸಿದರೆ ಸೀಟು ಬದಲಿಸುವ ಸಾಧ್ಯತೆಯೂ ಇದೆ.

ರನ್‌ವೇಯಲ್ಲಿ ಓಡುವಾಗ ಮತ್ತು ಮೇಲೇರುವ ಮೊದಲ ನಿಮಿಷಗಳಲ್ಲಿ ನಿಯಮ ಬಿಟ್ಟರೂ ಒಂದು ಕಿವಿಯನ್ನಾದರೂ ಖಾಲಿ ಇಡುವುದು ವಾಸಿ. ತುರ್ತು ಸಂದರ್ಭದಲ್ಲಿ ಸಿಬ್ಬಂದಿ ಕೂಗುವ ಆದೇಶ ಎರಡು ಮೂರು ಪದದ್ದು. ಎಎನ್‌ಸಿ ಆನ್ ಮಾಡಿ ಹಾಡು ಜೋರಾಗಿ ಹಾಕಿಕೊಂಡವರಿಗೆ ಅದು ಮೊದಲ ಸಲಕ್ಕೆ ಕೇಳುವುದಿಲ್ಲ.

## ಹಂತ 5: ಸೀಟಿನ ಪರದೆಗೆ ಇಯರ್‌ಬಡ್ ಜೋಡಿಸುವುದು

ನಮ್ಮ ದೆಹಲಿ ವಿಮಾನದಲ್ಲಿ ಪರದೆ ಇಲ್ಲದಿರಬಹುದು, ಆದರೆ ಅಲ್ಲಿಂದ ಮುಂದೆ ಹೊರದೇಶಕ್ಕೆ ಹೋಗುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೆಲವು ಹೊಸ ವಿಮಾನಗಳ ಪರದೆಯಲ್ಲೇ ಬ್ಲೂಟೂತ್ ಇದೆ. ಪರದೆಯ ಮೆನುವಿನಲ್ಲಿ ಬ್ಲೂಟೂತ್ ಗುರುತು ಕಾಣದಿದ್ದರೆ ಸೀಟಿನ ಕೈಯಾಸರೆಯಲ್ಲೋ ಪರದೆಯ ಕೆಳಗೋ ಇರುವ 3.5 ಮಿ.ಮೀ. ತೂತೇ ಗತಿ. ಅಲ್ಲಿಗೆ ಟ್ರಾನ್ಸ್‌ಮಿಟರ್ ಚುಚ್ಚಬೇಕು. ಹಳೆಯ ವಿಮಾನಗಳಲ್ಲಿ ಅಕ್ಕಪಕ್ಕ ಎರಡು ತೂತುಗಳಿದ್ದರೆ ಎರಡು ಪಿನ್ನಿನ ಅಡಾಪ್ಟರ್ ಬೇಕಾಗುತ್ತದೆ. ಅದಿಲ್ಲದೆ ಒಂದೇ ಪಿನ್ ಚುಚ್ಚಿದರೆ ಒಂದು ಕಿವಿಗಷ್ಟೇ ಸದ್ದು ಬರಬಹುದು.

ಕ್ರಮ ಹೀಗಿರಲಿ. ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿ. ಐಫೋನಿನಲ್ಲಾದರೆ Settings ಒಳಗೆ ಹೋಗಿ ಆಫ್ ಮಾಡುವುದು ಖಚಿತ, ಕಂಟ್ರೋಲ್ ಸೆಂಟರ್‌ನದು ಪೂರ್ತಿ ಆಫ್ ಅಲ್ಲ. ಆಮೇಲೆ ಟ್ರಾನ್ಸ್‌ಮಿಟರ್ ಆನ್ ಮಾಡಿ, ಅದರ ದೀಪ ಬೇಗಬೇಗ ಮಿನುಗುವವರೆಗೆ ಗುಂಡಿ ಒತ್ತಿ ಹಿಡಿಯಿರಿ. ಕೊನೆಗೆ ಬಡ್‌ಗಳನ್ನು ಪೇರಿಂಗ್ ಮೋಡ್‌ಗೆ ತನ್ನಿ. ಹಲವು ಬಡ್‌ಗಳಲ್ಲಿ ಮುಚ್ಚಳ ತೆರೆದ ಕೇಸಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾಗುತ್ತದೆ. ಎರಡನ್ನೂ ಹತ್ತಿರ ಹಿಡಿದು ಅರ್ಧ ನಿಮಿಷ ಕೊಡಿ. ಟ್ರಾನ್ಸ್‌ಮಿಟರಿನ ದೀಪ ಮಿನುಗುವುದು ನಿಂತು ಸ್ಥಿರವಾದರೆ ಜೋಡಣೆ ಆಯಿತು.

ಫೋನಿನ ಬ್ಲೂಟೂತ್ ಆಫ್ ಮಾಡದೆ ಶುರು ಮಾಡಿದರೆ, ಬಡ್‌ಗಳು ಕೇಸಿನಿಂದ ಹೊರಬಂದ ಕ್ಷಣವೇ ಪರಿಚಿತ ಫೋನನ್ನು ಹಿಡಿದುಕೊಳ್ಳುತ್ತವೆ. ಟ್ರಾನ್ಸ್‌ಮಿಟರ್ ಮಿನುಗುತ್ತಲೇ ಇರುತ್ತದೆ, ನೀವು ಅದನ್ನೇ ಕೆಟ್ಟದ್ದೆನ್ನುತ್ತೀರಿ.

ಜೋಡಿಯಾದ ಮೇಲೆ ತುಟಿ ಚಲನೆಗೂ ಮಾತಿಗೂ ತಾಳ ತಪ್ಪಿದರೆ ಅದು ಬ್ಲೂಟೂತಿನ ಸಹಜ ವಿಳಂಬ. ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ; ಸಾಮಾನ್ಯವಾದ ಎಸ್‌ಬಿಸಿ ಕೋಡೆಕ್‌ನಲ್ಲಿ ಸೆಕೆಂಡಿನ ಹತ್ತನೇ ಎರಡು ಭಾಗದ ಆಸುಪಾಸು ತಡವಾಗುತ್ತದೆ. ಫೋನಿನಲ್ಲಿ ಸಿನಿಮಾ ಓಡಿಸುವಾಗ ಆ್ಯಪ್ ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತದೆ, ಸೀಟಿನ ಪರದೆಗೆ ತನ್ನ ತೂತಿನಾಚೆ ಬ್ಲೂಟೂತ್ ಇದೆ ಎಂಬುದೇ ಗೊತ್ತಿರುವುದಿಲ್ಲ. ಕಡಿಮೆ ವಿಳಂಬದ ಕೋಡೆಕ್ ಟ್ರಾನ್ಸ್‌ಮಿಟರ್‌ನಲ್ಲೂ ಬಡ್‌ನಲ್ಲೂ ಎರಡರಲ್ಲೂ ಇದ್ದರೆ ಮಾತ್ರ ಪ್ರಯೋಜನ. ಟ್ರಾನ್ಸ್‌ಮಿಟರಿನ ಡಬ್ಬದ ಮೇಲೆ ಮಾತ್ರ ಬರೆದಿದ್ದನ್ನು ನೋಡಿ ಹೆಚ್ಚು ದುಡ್ಡು ಕೊಡಬೇಡಿ.

## ಹಂತ 6: ಬಡ್ ಕೈಜಾರಿದರೆ

ಸಣ್ಣ ವಿಷಯದಂತೆ ಕಂಡರೂ ಇಡೀ ಮಾರ್ಗದರ್ಶಿಯಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಬಡ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದಕ್ಕೂ ಮುಂದಕ್ಕೂ ಸರಿಸಬೇಡಿ. ಒಳಗಿನ ಲೋಹದ ತೋಳುಗಳ ನಡುವೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಒಳಪದರಗಳು ತಗುಲಿ ಶಾರ್ಟ್ ಆಗಿ ಬಿಸಿಯಾಗುತ್ತದೆ, ಹೊಗೆ ಬರಬಹುದು. ಬಡ್‌ಗಿಂತ ಅದರ ಕೇಸ್ ಬಿದ್ದರೆ ಇನ್ನೂ ಎಚ್ಚರ ಬೇಕು, ದೊಡ್ಡ ಬ್ಯಾಟರಿ ಇರುವುದು ಅದರಲ್ಲಿ. ಕೈ ತೂರಿಸಿ ಹುಡುಕದೆ ಕರೆಗಂಟೆ ಒತ್ತಿ ಸಿಬ್ಬಂದಿಗೆ ಹೇಳಿ.

ಟೇಕಾಫ್ ವೇಳೆ ನೆಲಕ್ಕೆ ಬಿದ್ದದ್ದು ಹಿಂದಿನ ಸಾಲುಗಳ ಕಡೆ ಉರುಳುತ್ತದೆ, ಇಳಿದು ಬ್ರೇಕ್ ಹಾಕುವಾಗ ಮುಂದಕ್ಕೆ. ಬೆಲ್ಟ್ ದೀಪ ಆರುವವರೆಗೆ ಕಾದು ಆ ದಿಕ್ಕಿನವರನ್ನೇ ಮೊದಲು ಕೇಳಿ.

ಕೇಸ್ ಉಬ್ಬಿದಂತೆ ಕಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಚಾರ್ಜಿಗೆ ಹಾಕದಿದ್ದರೂ ಕೈ ಸುಡುವಷ್ಟು ಬಿಸಿ ಇದ್ದರೆ ಅಥವಾ ರಾಸಾಯನಿಕದ ಸಿಹಿ ವಾಸನೆ ಬಂದರೆ ಅದನ್ನು ಜೇಬಿಗೆ, ಬ್ಯಾಗಿಗೆ ಹಾಕಬೇಡಿ. ಕೂಡಲೇ ಸಿಬ್ಬಂದಿಯನ್ನು ಕರೆಯಿರಿ. ಇಂಥದ್ದನ್ನು ನಿಭಾಯಿಸುವ ತರಬೇತಿ ಅವರಿಗಿದೆ.

## ಹಂತ 7: ಇಳಿಯುವಾಗ

ನೆಲ ಮುಟ್ಟಲು ಸುಮಾರು ಅರ್ಧ ಗಂಟೆ ಇರುವಾಗ ವಿಮಾನ ಇಳಿಯಲು ಶುರುಮಾಡುತ್ತದೆ, ಕ್ಯಾಬಿನ್ನಿನ ಒತ್ತಡ ಏರತೊಡಗುತ್ತದೆ. ಸಿಲಿಕಾನ್ ತುದಿಯ ಬಡ್‌ಗಳು ಕಿವಿಯನ್ನು ಬಿಗಿಯಾಗಿ ಮುಚ್ಚುವುದರಿಂದ ಕಿವಿ ಕಟ್ಟಿದ ಅನುಭವ ಹೆಚ್ಚಾಗಬಹುದು. ಆಗ ತೆಗೆದು ಕೇಸಿಗಿಟ್ಟು, ಎಂಜಲು ನುಂಗಿ ಅಥವಾ ಆಕಳಿಸಿ. ನೆಗಡಿ ಇದ್ದವರು ಮೊದಲೇ ತೆಗೆಯುವುದು ಒಳ್ಳೆಯದು.

ಜನವರಿಯ ದೆಹಲಿಯಲ್ಲಿ ಇನ್ನೊಂದು ಸಂಗತಿ ಎದುರಾಗಬಹುದು. ದಟ್ಟ ಮಂಜಿನಲ್ಲಿ ರೇಡಿಯೋ ಸಂಕೇತ ಹಿಡಿದು ಇಳಿಯುವಾಗ ಫ್ಲೈಟ್ ಮೋಡ್ ಸಾಲದು, ಎಲ್ಲ ಉಪಕರಣಗಳನ್ನೂ ಪೂರ್ತಿ ಆಫ್ ಮಾಡಿ ಎಂದು ಘೋಷಣೆ ಬರಬಹುದು. ಆಗ ಬ್ಲೂಟೂತ್ ಅನುಮತಿಯ ಮಾತು ಎತ್ತಬೇಡಿ. ಬಡ್‌ಗಳನ್ನು ಕೇಸಿನಲ್ಲಿಟ್ಟು ಮುಚ್ಚಿದರೆ ಅವು ಆಫ್ ಆದಂತೆ. ಫೋನನ್ನು ಮಾತ್ರ ಪವರ್ ಮೆನುವಿನಿಂದಲೇ ಆಫ್ ಮಾಡಬೇಕು, ಪರದೆ ಕಪ್ಪಾದರೆ ಸಾಲದು.

ವಿಮಾನ ರನ್‌ವೇ ಬಿಟ್ಟು, ಸಿಬ್ಬಂದಿ ಫೋನ್ ಬಳಸಬಹುದು ಎಂದ ಮೇಲೆ ಏರೋಪ್ಲೇನ್ ಮೋಡ್ ತೆಗೆಯಿರಿ. ಬಡ್ ಇನ್ನೂ ಕಿವಿಯಲ್ಲಿದ್ದರೆ ಕರೆಗಳೆಲ್ಲ ಅದಕ್ಕೇ ಬರುತ್ತವೆ. ಫೋನನ್ನು ಕಿವಿಗಿಟ್ಟು ಹಲೋ ಹಲೋ ಎಂದರೂ ಆ ಕಡೆಯ ಮಾತು ಕೇಳದಿದ್ದರೆ, ಮೊದಲು ಇನ್ನೊಂದು ಕಿವಿ ಮುಟ್ಟಿ ನೋಡಿ. ಟ್ರಾನ್ಸ್‌ಮಿಟರ್ ಬಳಸಿದ್ದರೆ ಏಳುವ ಮುನ್ನ ಸೀಟಿನ ತೂತಿನಿಂದ ಅದನ್ನು ಕಿತ್ತುಕೊಳ್ಳಿ, ಆಮೇಲೆ ಫೋನಿನ ಬ್ಲೂಟೂತನ್ನು ಮರಳಿ ಆನ್ ಮಾಡಿ.